ಪ್ರತಿ ಬೆಲೆಗೂ ಮಿತಿ ಇದ್ದಾಗ ಕನಿಷ್ಠ ಹುಡುಕುವುದು: ಕೊನೆಗೆ ಒಮ್ಮೆ ಕ್ಲಿಪ್ ಮಾಡಿದರೆ ಸಾಲದಾ?

ದೀಪಸಾಲು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 40 ದೀಪಗಳಿವೆ. ಪ್ರತಿಯೊಂದರ ಬೆಳಕನ್ನೂ 0 ಯಿಂದ 1 ರ ತನಕ ಏರಿಸಬಹುದು, ಇಳಿಸಬಹುದು. ನೆಲದ ಮೇಲೆ 200 ಜಾಗಗಳಲ್ಲಿ ಇಷ್ಟಿಷ್ಟು ಬೆಳಕು ಬೀಳಬೇಕು ಅಂತ ಗುರಿ ಇದೆ. ಯಾವ ದೀಪ ಎಷ್ಟು ಉರಿದರೆ ಯಾವ ಜಾಗಕ್ಕೆ ಎಷ್ಟು ಬೆಳಕು ಅನ್ನುವುದು `A` ಮ್ಯಾಟ್ರಿಕ್ಸ್‌ನಲ್ಲಿದೆ. ಹಾಗಾಗಿ `‖Ax − b‖²` ಕನಿಷ್ಠ ಆಗಬೇಕು, ಎಲ್ಲ `x` ಗಳೂ 0 ಮತ್ತು 1 ರ ನಡುವೆ ಇರಬೇಕು. ಇಷ್ಟೇ ಲೆಕ್ಕ.

ಮೊದಲು `np.linalg.lstsq` ಹಾಕಿ ಮಿತಿಯನ್ನು ಮರೆತು ಉತ್ತರ ತೆಗೆದೆ. ಕೆಲವು ದೀಪಗಳು 1.7 ಅಂತ ಬಂದವು, ಕೆಲವು ಮೈನಸ್. ಅವನ್ನು `np.clip` ಮಾಡಿದೆ. ಜೊತೆಗೆ ಕೆಲಸ ಮಾಡುವವರೊಬ್ಬರು ಅದೇ ಡೇಟಾಗೆ `scipy.optimize.lsq_linear` ಹಾಕಿದರು. ಅವರ ತಪ್ಪಿನ ಮೊತ್ತ ನನ್ನದಕ್ಕಿಂತ ಕಡಿಮೆ ಬಂತು. ಆಮೇಲೆ ನಾನು ಗ್ರೇಡಿಯಂಟ್ ಡಿಸೆಂಟ್ ಬರೆದು ಪ್ರತಿ ಸ್ಟೆಪ್ ಆದಮೇಲೂ ಕ್ಲಿಪ್ ಮಾಡಿದೆ. ಈಗ ಅವರ ಉತ್ತರಕ್ಕೆ ತುಂಬ ಹತ್ತಿರ ಬರುತ್ತಿದೆ.

ಎರಡು ಪ್ರಶ್ನೆ. ಕೊನೆಗೆ ಒಮ್ಮೆ ಕ್ಲಿಪ್ ಮಾಡುವುದಕ್ಕೂ ಪ್ರತಿ ಸಲ ಮಾಡುವುದಕ್ಕೂ ಉತ್ತರವೇ ಯಾಕೆ ಬೇರೆ ಬರಬೇಕು? ಇನ್ನೊಂದು, ಗ್ರೇಡಿಯಂಟ್ ಸೊನ್ನೆಗೆ ಬರುತ್ತಲೇ ಇಲ್ಲ. ಅದರ ಅತಿ ದೊಡ್ಡ ಬೆಲೆ 0.8 ರ ಹತ್ತಿರ ನಿಂತುಬಿಟ್ಟಿದೆ, ಎಷ್ಟು ಓಡಿಸಿದರೂ ಕದಲುವುದಿಲ್ಲ. ಲೂಪ್ ಯಾವಾಗ ನಿಲ್ಲಿಸಬೇಕು?

ನರಜಾಲ

ಇದು ಸಾಮಾನ್ಯ ಸಮಸ್ಯೆ. ಗ್ರೇಡಿಯಂಟ್ ಜಾಸ್ತಿ ಇದ್ದರೆ `clip_grad_norm_` ಬಳಸಿ, ಮಿತಿ 1.0 ಕೊಡಿ. ನಾನು ಮಾಡೆಲ್ ಟ್ರೇನ್ ಮಾಡುವಾಗ ಯಾವಾಗಲೂ ಹಾಕುತ್ತೇನೆ. ಲಾಸ್ ಹಾರಾಡುವುದು ನಿಲ್ಲುತ್ತದೆ.

ಸರಳರೇಖೆ

ನರಜಾಲ ಅವರೇ, ನೀವು ಹೇಳುತ್ತಿರುವುದು ಗ್ರೇಡಿಯಂಟನ್ನೇ ಕತ್ತರಿಸುವುದು. ಹೆಜ್ಜೆ ತೀರಾ ಉದ್ದ ಆಗದಿರಲಿ ಅಂತ ಮಾಡುವ ಕೆಲಸ ಅದು. ಇಲ್ಲಿ ಕ್ಲಿಪ್ ಆಗುತ್ತಿರುವುದು `x`. ಹೆಜ್ಜೆ ಇಟ್ಟಮೇಲೆ ಬಾಕ್ಸ್‌ನಿಂದ ಹೊರಗೆ ಹೋದ ಬಿಂದುವನ್ನು ಬಾಕ್ಸ್‌ನೊಳಗಿನ ಅತಿ ಹತ್ತಿರದ ಬಿಂದುವಿಗೆ ತರುವುದು. ದೂರದ ವರ್ಗ ಅಂದರೆ ಒಂದೊಂದು ಅಕ್ಷದ ವ್ಯತ್ಯಾಸದ ವರ್ಗಗಳ ಮೊತ್ತ. ಬಾಕ್ಸ್‌ನಲ್ಲಿ ಒಂದೊಂದು ಅಕ್ಷಕ್ಕೂ ಅದರದೇ ಮಿತಿ, ಒಂದರ ಮಿತಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಹಾಗಾಗಿ ಒಂದೊಂದನ್ನೂ ಬೇರೆಬೇರೆಯಾಗಿ ಅದರ ಮಿತಿಗೆ ತಂದರೆ ಸಾಕು, ಅದೇ ಹತ್ತಿರದ ಬಿಂದು. ಪ್ರೊಜೆಕ್ಷನ್ ಇಷ್ಟು ಸುಲಭವಾಗುವ ಆಕಾರಗಳು ಕಡಿಮೆ.

ದೀಪಸಾಲು ಅವರೇ, ನಿಮ್ಮ ಮೊದಲ ಪ್ರಶ್ನೆಗೆ 40 ದೀಪ ಬೇಡ, ಎರಡು ಸಾಕು. ಕೈಯಲ್ಲೇ ಮಾಡಿ ನೋಡೋಣ. ತಗೊಳ್ಳಿ:

`f(x, y) = x² + xy + y² − 3.4x − 2y`, ಎರಡಕ್ಕೂ ಮಿತಿ 0 ಯಿಂದ 1.

ಗ್ರೇಡಿಯಂಟ್ `(2x + y − 3.4, x + 2y − 2)`. ಮಿತಿ ಮರೆತು ಎರಡನ್ನೂ ಸೊನ್ನೆ ಮಾಡಿದರೆ `x = 1.6, y = 0.2`. ಇದನ್ನು ಕ್ಲಿಪ್ ಮಾಡಿದರೆ `(1, 0.2)`, ಅಲ್ಲಿ `f = −2.56`.

ಈಗ `x` ಅನ್ನು 1 ರಲ್ಲೇ ಹಿಡಿದು `y` ಯನ್ನು ಮಾತ್ರ ಅಲ್ಲಾಡಿಸಿ. `1 + 2y − 2 = 0` ಅಂದರೆ `y = 0.5`. ಅಲ್ಲಿ `f = −2.65`. ಮೊದಲಿನದಕ್ಕಿಂತ ಒಳ್ಳೆಯದು, ಅಲ್ವಾ? ಗಮನಿಸಿ, `y = 0.2` ಮಿತಿಯನ್ನು ಮುರಿದೇ ಇರಲಿಲ್ಲ. ಕ್ಲಿಪ್ ಅದನ್ನು ಮುಟ್ಟಲೂ ಇಲ್ಲ. ಆದರೂ ತಪ್ಪಾಗಿದ್ದದ್ದು ಅದೇ.

ದೀಪದ ಲೆಕ್ಕದಲ್ಲಿ ಹೇಳುವುದಾದರೆ, `xy` ಅನ್ನುವ ಪದ ಇರುವುದು ಎರಡೂ ದೀಪಗಳ ಬೆಳಕು ಒಂದೇ ಜಾಗದ ಮೇಲೆ ಬೀಳುವುದರಿಂದ. ಮೊದಲನೇ ದೀಪ 1.6 ಉರಿಯುತ್ತದೆ ಅಂದುಕೊಂಡು ಎರಡನೆಯದು 0.2 ಕ್ಕೆ ತಗ್ಗಿತ್ತು. ನೀವು ಮೊದಲನೆಯದನ್ನು 1 ಕ್ಕೆ ಇಳಿಸಿದಿರಿ, ಆದರೆ ಎರಡನೆಯದಕ್ಕೆ ಆ ಸುದ್ದಿ ಮುಟ್ಟಲಿಲ್ಲ. ಪ್ರತಿ ಸ್ಟೆಪ್‌ಗೆ ಕ್ಲಿಪ್ ಮಾಡಿದಾಗ ಮುಂದಿನ ಗ್ರೇಡಿಯಂಟನ್ನು ಕ್ಲಿಪ್ ಆದ ಬಿಂದುವಿನಲ್ಲಿ ಲೆಕ್ಕ ಹಾಕುತ್ತೇವೆ. ಸುದ್ದಿ ಮುಟ್ಟುವುದು ಅಲ್ಲೇ.

`(0, 0)` ಯಿಂದ ಶುರು ಮಾಡಿ, ಸ್ಟೆಪ್ 1/3 ಇಡಿ. ಗ್ರೇಡಿಯಂಟ್ `(−3.4, −2)`. ಹೆಜ್ಜೆ ಇಟ್ಟರೆ `(1.133, 0.667)`, ಕ್ಲಿಪ್ ಆದಮೇಲೆ `(1, 0.667)`. ಮುಂದಿನ ಸುತ್ತಿನಲ್ಲಿ ಗ್ರೇಡಿಯಂಟ್ `(−0.733, 0.333)`. `x` ಮತ್ತೆ ಹೊರಗೆ ಹೋಗಿ 1 ಕ್ಕೇ ವಾಪಸ್, `y` 0.556 ಕ್ಕೆ ಇಳಿಯುತ್ತದೆ. ಆಮೇಲೆ 0.519, 0.506, 0.502. ಪ್ರತಿ ಸಲ 0.5 ಕ್ಕೆ ಇರುವ ದೂರ ಮೂರನೇ ಒಂದು ಭಾಗ ಆಗುತ್ತದೆ. ಮೊದಲ ಹೆಜ್ಜೆಯಲ್ಲೇ `x` ತನ್ನ ಮಿತಿಗೆ ಹೋಗಿ ಕೂತಿತು. ಅಲ್ಲಿಂದ ಮುಂದೆ ಇದು ಬರೀ `y` ಒಂದರ ಗ್ರೇಡಿಯಂಟ್ ಡಿಸೆಂಟ್.

ಇದು ಪ್ರೊಜೆಕ್ಟೆಡ್ ಗ್ರೇಡಿಯಂಟ್ ಅನ್ನುವ ಹಳೆಯ ವಿಧಾನ. ಗೋಲ್ಡ್‌ಸ್ಟೈನ್ 1964 ರಲ್ಲಿ, ಲೆವಿಟಿನ್ ಮತ್ತು ಪೋಲ್ಯಾಕ್ 1966 ರಲ್ಲಿ ಇದರ ಬಗ್ಗೆ ಬರೆದಿದ್ದಾರೆ.

ದೀಪಸಾಲು

ತುಂಬ ಧನ್ಯವಾದ ಸರ್. ಕಾಗದದ ಮೇಲೆ ಮಾಡಿ ನೋಡಿದೆ, ಹಾಗೇ ಬಂತು. ನನ್ನ ಡೇಟಾದಲ್ಲೂ ಮಿತಿಯೊಳಗೇ ಇದ್ದ ದೀಪಗಳೇ ಜಾಸ್ತಿ ಬದಲಾಗಿವೆ. ಅದನ್ನು ನೋಡಿ ಮೊದಲು ಕೋಡ್‌ನಲ್ಲಿ ತಪ್ಪಿದೆ ಅಂತ ಅನುಮಾನ ಪಟ್ಟಿದ್ದೆ.

ಎರಡನೇ ಪ್ರಶ್ನೆ ಹಾಗೇ ಉಳಿದಿದೆ. `(1, 0.5)` ರಲ್ಲಿ ನಿಮ್ಮ ಗ್ರೇಡಿಯಂಟ್ `(−0.9, 0)` ಬರುತ್ತದೆ. ಅದೂ ಸೊನ್ನೆ ಅಲ್ಲ.

ಸರಳರೇಖೆ

ಸೊನ್ನೆ ಆಗಬೇಕಾಗಿಯೂ ಇಲ್ಲ. −0.9 ಹೇಳುತ್ತಿರುವುದು "`x` ಇನ್ನೂ ಏರಿದರೆ `f` ಇಳಿಯುತ್ತದೆ" ಅಂತ. ನಿಜವೇ. ಆದರೆ ಏರಲು ಜಾಗ ಇಲ್ಲ. ಮೇಲಿನ ಮಿತಿಯಲ್ಲಿ ಕೂತವರಿಗೆ ಗ್ರೇಡಿಯಂಟ್ ಮೈನಸ್ ಇದ್ದರೆ ಸರಿ. ಕೆಳಗಿನ ಮಿತಿಯಲ್ಲಿ ಕೂತವರಿಗೆ ಪ್ಲಸ್ ಇದ್ದರೆ ಸರಿ. ನಡುವೆ ಇರುವವರಿಗೆ ಮಾತ್ರ ಸೊನ್ನೆ ಆಗಬೇಕು. ನಿಮ್ಮ 0.8 ಬರುತ್ತಿರುವುದು ಮಿತಿಯಲ್ಲಿ ಕೂತ ಯಾವುದೋ ದೀಪದಿಂದ ಅಂತ ನನ್ನ ಊಹೆ. ಅದು ಯಾವ ದೀಪ, ಅದರ `x` ಎಷ್ಟು ಅಂತ ನೋಡಿ.

ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಒಂದೇ ಸಾಲು ಸಾಕು:

```python
def pgd(grad, x, lo, hi, step, tol=1e-6, maxit=10000):
    for k in range(maxit):
        g = grad(x)
        r = x - np.clip(x - g, lo, hi)
        if np.max(np.abs(r)) <= tol:
            break
        x = np.clip(x - step * g, lo, hi)
    return x
```

`r` ಅಂದರೆ "ಹೆಜ್ಜೆ ಇಟ್ಟು ಕ್ಲಿಪ್ ಮಾಡಿದಮೇಲೆ ನಿಜವಾಗಿ ಎಷ್ಟು ಕದಲಿದೆ" ಅನ್ನುವುದು. `(1, 0.5)` ರಲ್ಲಿ `x − g` ಅಂದರೆ `(1.9, 0.5)`, ಕ್ಲಿಪ್ ಆದರೆ `(1, 0.5)`, ಅಂದರೆ `r` ಸೊನ್ನೆ. ಅದೇ ನಿಮ್ಮ ಮೊದಲಿನ ಉಪಾಯದ ಉತ್ತರ `(1, 0.2)` ನಲ್ಲಿ ನೋಡಿ: ಗ್ರೇಡಿಯಂಟ್ `(−1.2, −0.6)`, `x − g` ಅಂದರೆ `(2.2, 0.8)`, ಕ್ಲಿಪ್ ಆದರೆ `(1, 0.8)`, ಹಾಗಾಗಿ `r = (0, −0.6)`. ಆ ಉತ್ತರ ಸರಿಯಿಲ್ಲ ಅಂತ ಇದೊಂದೇ ಹೇಳಿಬಿಡುತ್ತದೆ. ಯಾರು ಯಾವ ವಿಧಾನದಿಂದ ಉತ್ತರ ತಂದರೂ, `lsq_linear` ಕೊಟ್ಟದ್ದನ್ನೂ, ಇದರಲ್ಲಿ ಹಾಕಿ ನೋಡಬಹುದು.

SciPy ಯ `L-BFGS-B` ನಿಲ್ಲುವುದೂ ಹೀಗೇ. ಅದರಲ್ಲಿ `gtol` ಹೋಲಿಸುವುದು ಬರೀ ಗ್ರೇಡಿಯಂಟ್ ಜೊತೆ ಅಲ್ಲ, ಪ್ರೊಜೆಕ್ಟ್ ಆದ ಗ್ರೇಡಿಯಂಟ್ ಜೊತೆ.

ಮಂಜು_ಲೆಕ್ಕ

ಅಷ್ಟೆಲ್ಲ ಯಾಕೆ? `f` ನ ಬೆಲೆ ಬದಲಾಗುವುದು ನಿಂತರೆ ಮುಗಿಯಿತು ಅಂತ ಅರ್ಥ. ನಾನು ಹಿಂದಿನ `f` ಗೂ ಈಗಿನದಕ್ಕೂ ವ್ಯತ್ಯಾಸ ನೋಡಿ `1e-9` ಗಿಂತ ಕಡಿಮೆ ಆದರೆ ನಿಲ್ಲಿಸುತ್ತೇನೆ. ಗ್ರೇಡಿಯಂಟ್ ಡಿಸೆಂಟ್‌ನಲ್ಲಿ ಸ್ಟೆಪ್ ದೊಡ್ಡದಾದರೆ ಹೇಗೂ ಬೆಲೆಗಳು ಸಿಡಿದು `nan` ಬರುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ.

ಸರಳರೇಖೆ

ಮಂಜು ಅವರೇ, ಸ್ಟೆಪ್ ಸರಿಯಾಗಿದ್ದರೆ ನಿಮ್ಮ ವಿಧಾನ ಸಾಮಾನ್ಯವಾಗಿ ಹತ್ತಿರ ತಂದು ನಿಲ್ಲಿಸುತ್ತದೆ. ಕಷ್ಟ ಇರುವುದು ಎರಡನೇ ಮಾತಿನಲ್ಲಿ. ಮಿತಿ ಇಲ್ಲದಾಗ ಸ್ಟೆಪ್ ದೊಡ್ಡದಾದರೆ ಸಿಡಿಯುತ್ತದೆ, ನಿಜ. ಬಾಕ್ಸ್ ಇದ್ದಾಗ ಸಿಡಿಯಲು ಕ್ಲಿಪ್ ಬಿಡುವುದಿಲ್ಲ. `nan` ಬರುವುದೇ ಇಲ್ಲ.

ಮೇಲಿನ ಎರಡು ದೀಪದ ಲೆಕ್ಕದಲ್ಲೇ ಸ್ಟೆಪ್ 1.2 ಇಟ್ಟು ನೋಡಿ. `(0, 0)` ಯಿಂದ ಹೆಜ್ಜೆ `(4.08, 2.4)`, ಕ್ಲಿಪ್ ಆದರೆ `(1, 1)`. ಅಲ್ಲಿ ಗ್ರೇಡಿಯಂಟ್ `(−0.4, 1)`. ಹೆಜ್ಜೆ `(1.48, −0.2)`, ಕ್ಲಿಪ್ ಆದರೆ `(1, 0)`. ಅಲ್ಲಿ ಗ್ರೇಡಿಯಂಟ್ `(−1.4, −1)`. ಹೆಜ್ಜೆ ಇಟ್ಟು ಕ್ಲಿಪ್ ಮಾಡಿದರೆ ಮತ್ತೆ `(1, 1)`. ಹೀಗೇ `y` 1, 0, 1, 0 ಅಂತ ಕುಣಿಯುತ್ತಲೇ ಇರುತ್ತದೆ.

ಈಗ `f` ನೋಡಿ. `(1, 1)` ರಲ್ಲಿ −2.4. `(1, 0)` ಯಲ್ಲೂ −2.4. ವ್ಯತ್ಯಾಸ ಸೊನ್ನೆ! ನಿಮ್ಮ ಪರೀಕ್ಷೆ "ಮುಗಿಯಿತು" ಅನ್ನುತ್ತದೆ. ಬೆಲೆಗಳೆಲ್ಲ ಮಿತಿಯೊಳಗಿವೆ, `nan` ಇಲ್ಲ, ಗ್ರಾಫ್ ಸಮತಟ್ಟಾಗಿದೆ. ಆದರೆ ನಿಜವಾದ ಕನಿಷ್ಠ −2.65. ಎರಡೂ ಕಡೆ ಸರಿಸಮ ಬಂದದ್ದು ಈ ಲೆಕ್ಕದ ವಿಶೇಷ, ಒಪ್ಪುತ್ತೇನೆ. ಆದರೆ ಮಿತಿಯಿಂದ ಮಿತಿಗೆ ಜಿಗಿಯುತ್ತಾ `f` ಕೆಲವೇ ಬೆಲೆಗಳಲ್ಲಿ ಸುತ್ತುವುದು ದೊಡ್ಡ ಲೆಕ್ಕಗಳಲ್ಲೂ ಆಗುತ್ತದೆ. `r` ಮಾತ್ರ ಮೋಸ ಹೋಗುವುದಿಲ್ಲ. `(1, 0)` ಯಲ್ಲಿ ಅದು `(0, −1)`.

ಅನುಮಾನ ಬಂದರೆ ಸತತ ಮೂರು `x` ಗಳನ್ನು ಪ್ರಿಂಟ್ ಮಾಡಿ. ಒಂದನೆಯದೂ ಮೂರನೆಯದೂ ಒಂದೇ ಆಗಿ, ಎರಡನೆಯದು ಬೇರೆ ಇದ್ದರೆ ಸ್ಟೆಪ್ ದೊಡ್ಡದು.

ಹಾಗಾದರೆ ಎಷ್ಟಿರಬೇಕು? ಗ್ರೇಡಿಯಂಟ್ ಅತಿ ವೇಗವಾಗಿ ಬದಲಾಗುವ ದಿಕ್ಕಿನ ವೇಗ `L` ಅಂದುಕೊಳ್ಳಿ. ಸ್ಟೆಪ್ `1/L` ಸುರಕ್ಷಿತ, `2/L` ಅಂಚು. ಮೇಲಿನ ಲೆಕ್ಕದಲ್ಲಿ `L = 3`, ಅದಕ್ಕೇ 1/3 ಇಟ್ಟದ್ದು. ಕ್ಲಿಪ್ ಇರುವುದರಿಂದ ಈ ಅಂಚು ಸಡಿಲ ಆಗುತ್ತದೆ ಅಂತ ನಂಬಬೇಡಿ.

ದೀಪಸಾಲು

ಸರ್, ನಾನು ಸ್ಟೆಪ್ ಇಟ್ಟದ್ದು `1 / np.linalg.norm(A, 2)**2`. ಇದು ಸರಿ ತಾನೆ?

ಸರಳರೇಖೆ

ನಿಮ್ಮ `f` ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. `½‖Ax − b‖²` ಆದರೆ ಸರಿ. ಮುಂದೆ ಅರ್ಧ ಇಲ್ಲದೆ `‖Ax − b‖²` ಅಂತ ಬರೆದು ಗ್ರೇಡಿಯಂಟ್ `2Aᵀ(Ax − b)` ತೆಗೆದುಕೊಂಡಿದ್ದರೆ `L` ಎರಡರಷ್ಟು ಆಗುತ್ತದೆ. ಆಗ ನಿಮ್ಮ ಸ್ಟೆಪ್ ಸರಿಯಾಗಿ `2/L`, ಅಂಚಿನ ಮೇಲೇ ಕೂತಿದೆ. ಅತಿ ಕಡಿದಾದ ದಿಕ್ಕಿನಲ್ಲಿ ತಪ್ಪು ಕುಗ್ಗದೆ ಆ ಕಡೆ ಈ ಕಡೆ ತೂಗಾಡುತ್ತದೆ. `grad` ನಲ್ಲಿ ಆ 2 ಇದೆಯಾ ನೋಡಿ.

ಬೆಳ್ಳಿಚುಕ್ಕಿ

ನನ್ನದೂ ಇಂಥದ್ದೇ ಅನ್ನಿಸುತ್ತದೆ, ನಡುವೆ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮಸುಕಾದ ಚಿತ್ರವನ್ನು ಸ್ಪಷ್ಟ ಮಾಡುವ ಕೆಲಸ. ಪಿಕ್ಸೆಲ್‌ಗಳು 0 ಯಿಂದ 1. PyTorch ನಲ್ಲಿ ಹೀಗೆ ಬರೆದಿದ್ದೇನೆ:

```python
img = torch.clamp(z, 0, 1)
loss = ((blur(img) - target) ** 2).sum()
opt.zero_grad()
loss.backward()
opt.step()
```

ನಾನೂ ಪ್ರತಿ ಸ್ಟೆಪ್‌ಗೆ ಕ್ಲಿಪ್ ಮಾಡುತ್ತಿದ್ದೇನಲ್ಲ. ಆದರೂ ಚಿತ್ರದಲ್ಲಿ ಅಲ್ಲಲ್ಲಿ ಬೆಳ್ಳಗಿನ ಚುಕ್ಕೆಗಳು ಉಳಿದುಬಿಡುತ್ತವೆ. ಎಷ್ಟು ಓಡಿಸಿದರೂ ಹೋಗುವುದಿಲ್ಲ. `opt` ಸಾದಾ SGD.

ತಿರುವುಮುರುವು

ನೀವು ಕ್ಲಿಪ್ ಮಾಡಿರುವ ಜಾಗ ಬೇರೆ. ನಿಮ್ಮ `clamp` ಲಾಸ್‌ನ ಲೆಕ್ಕದ ಒಳಗೇ ಇದೆ. ಅಂದರೆ `z` ಮಿತಿಯಿಂದ ಹೊರಗೆ ಹೋಗಬಹುದು, ಅದನ್ನು ಯಾರೂ ವಾಪಸ್ ತರುತ್ತಿಲ್ಲ. ಒಂದು ಪಿಕ್ಸೆಲ್‌ನ `z` 1.07 ಆಯಿತು ಅಂದುಕೊಳ್ಳಿ. ಅದನ್ನು ಸ್ವಲ್ಪ ಅಲ್ಲಾಡಿಸಿದರೂ `img` 1 ರಲ್ಲೇ ಇರುತ್ತದೆ, ಲಾಸ್ ಬದಲಾಗುವುದಿಲ್ಲ. ಹಾಗಾಗಿ ಗ್ರೇಡಿಯಂಟ್ ಸೊನ್ನೆ. ಮುಂದೆ ಪಕ್ಕದ ಪಿಕ್ಸೆಲ್‌ಗಳು ಬದಲಾಗಿ ಈ ಪಿಕ್ಸೆಲ್ 0.6 ಕ್ಕೆ ಇಳಿಯಬೇಕಾಗಿ ಬಂದರೂ ಅದಕ್ಕೆ ಇಳಿಯುವ ದಾರಿ ಇಲ್ಲ. ಅದೇ ನಿಮ್ಮ ಬಿಳಿ ಚುಕ್ಕೆ.

ಖಾತ್ರಿ ಮಾಡಿಕೊಳ್ಳಲು ಆ ಚುಕ್ಕೆಗಳ ಜಾಗದಲ್ಲಿ `z` ಮತ್ತು `z.grad` ಪ್ರಿಂಟ್ ಮಾಡಿ. `z` 1 ಕ್ಕಿಂತ ಜಾಸ್ತಿ ಇದ್ದು, `z.grad` ಸಣ್ಣ ಸಂಖ್ಯೆ ಆಗಿರದೆ ಚೊಕ್ಕವಾಗಿ `0.` ಅಂತ ಇದ್ದರೆ ಇದೇ ಕಾರಣ.

ಲಾಸ್‌ಗೆ ನೇರವಾಗಿ `z` ಕೊಡಿ. ಕ್ಲಿಪ್ ಸ್ಟೆಪ್ ಆದಮೇಲೆ ಮಾಡಿ:

```python
opt.step()
with torch.no_grad():
    z.clamp_(0, 1)
```

ಈಗ `z` 1 ರಲ್ಲಿ ಕೂತರೂ ಗ್ರೇಡಿಯಂಟ್ ಜೀವಂತ ಇರುತ್ತದೆ. ಒಳಗೆ ಬಾ ಅಂದ ತಕ್ಷಣ ಒಳಗೆ ಬರುತ್ತದೆ.

ಬೆಳ್ಳಿಚುಕ್ಕಿ

ನೋಡಿದೆ. ಚುಕ್ಕೆಗಳ ಜಾಗದಲ್ಲೆಲ್ಲ `z` 1 ರ ಮೇಲಿದೆ, `grad` ಪೂರ್ತಿ `0.`! ಬದಲಾಯಿಸಿ ಓಡಿಸಿದೆ, ಚುಕ್ಕೆಗಳು ಹೋದವು. ಎರಡೂ ಒಂದೇ ಕ್ಲಿಪ್ ಅಂದುಕೊಂಡಿದ್ದೆ. ತುಂಬ ಥ್ಯಾಂಕ್ಸ್.

ಮಂಜು_ಲೆಕ್ಕ

ಕ್ಲಿಪ್‌ನ ಗೋಜೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. `x = sigmoid(u)` ಅಂತ ಬರೆದು `u` ಮೇಲೆ ಸಾದಾ ಗ್ರೇಡಿಯಂಟ್ ಡಿಸೆಂಟ್ ಮಾಡಿ. `x` ಯಾವಾಗಲೂ 0 ಮತ್ತು 1 ರ ನಡುವೆಯೇ ಇರುತ್ತದೆ.

ತಿರುವುಮುರುವು

ಉತ್ತರ ಬಾಕ್ಸ್‌ನ ನಡುವೆ ಇದ್ದರೆ ಚೆನ್ನಾಗಿ ನಡೆಯುತ್ತದೆ. ಉತ್ತರ ಮಿತಿಯ ಮೇಲೆ ಇದ್ದರೆ, ದೀಪಸಾಲು ಅವರಿಗೆ ಇರುವುದು ಹಾಗೇ, `x = 1` ಆಗಲು `u` ಅನಂತಕ್ಕೆ ಹೋಗಬೇಕು. ಹೋಗುತ್ತಾ ಹೋಗುತ್ತಾ ಗ್ರೇಡಿಯಂಟ್ `x(1 − x)` ನಿಂದ ಗುಣವಾಗಿ ಕುಗ್ಗುತ್ತದೆ. `x` 0.999 ಇದ್ದಾಗ ಅದು ಸುಮಾರು ಸಾವಿರದಲ್ಲಿ ಒಂದು ಭಾಗ. ಕ್ಲಿಪ್ ಒಂದೇ ಹೆಜ್ಜೆಯಲ್ಲಿ ಸರಿಯಾಗಿ 1 ಕ್ಕೆ ಮುಟ್ಟಿದ್ದನ್ನು ಇದು ಕೊನೆತನಕ ಮುಟ್ಟುವುದಿಲ್ಲ. ಯಾವ ದೀಪ ಪೂರ್ತಿ ಆರಿದೆ ಅಂತ ತಿಳಿಯುವುದೇ ಮುಖ್ಯ ಆದರೆ ಇದು ಸರಿಹೋಗುವುದಿಲ್ಲ.

ದೀಪಸಾಲು

`grad` ನಲ್ಲಿ 2 ಇತ್ತು ಸರ್. ಸ್ಟೆಪ್ ಅರ್ಧ ಮಾಡಿದೆ. ಮೊದಲು `r` ಒಂದು ಹಂತಕ್ಕೆ ಬಂದು ಅಲ್ಲೇ ಅಲ್ಲಾಡುತ್ತಿತ್ತು, ಈಗ ಒಂದೇ ಸಮನೆ ಇಳಿಯುತ್ತಿದೆ. 0.8 ಬಂದ ದೀಪವನ್ನೂ ನೋಡಿದೆ, ಅದು ಸೊನ್ನೆಯಲ್ಲಿ ಕೂತಿದೆ, ಗ್ರೇಡಿಯಂಟ್ ಪ್ಲಸ್. ನೀವು ಹೇಳಿದ ಹಾಗೇ.

ಆದರೆ ನಿಧಾನ. ಅಕ್ಕಪಕ್ಕದ ದೀಪಗಳ ಬೆಳಕು ತುಂಬ ಬೆರೆಯುತ್ತದೆ, ಹಾಗಾಗಿ `1e-6` ತಲುಪಲು ಸಾವಿರಾರು ಸುತ್ತು ಬೇಕಾಗುತ್ತಿದೆ. ನನ್ನ ಹತ್ತಿರ ಹೆಸ್ಸಿಯನ್ ಇದ್ದೇ ಇದೆ, `2AᵀA`, ಬರೀ 40×40. ನ್ಯೂಟನ್ ಹೆಜ್ಜೆ ಇಟ್ಟು ಪ್ರತಿ ಸಲ ಕ್ಲಿಪ್ ಮಾಡಿದರೆ ಬೇಗ ಮುಗಿಯುವುದಿಲ್ಲವಾ?

ಸರಳರೇಖೆ

ಸಹಜವಾಗಿ ಬರುವ ಯೋಚನೆ, ಆದರೆ ಕೆಲಸ ಮಾಡುವುದಿಲ್ಲ. ಯಾಕೆ ಅಂತ ನೋಡಿದರೆ ಪ್ರೊಜೆಕ್ಟೆಡ್ ಗ್ರೇಡಿಯಂಟ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸರಿಯಾದ ಉತ್ತರ `(1, 0.5)` ರಲ್ಲೇ ನಿಂತು ಶುರು ಮಾಡಿ. ನ್ಯೂಟನ್ ಹೆಜ್ಜೆ ನೇರ `(1.6, 0.2)` ಕ್ಕೆ ಒಯ್ಯುತ್ತದೆ, ಯಾಕೆಂದರೆ ಅದಕ್ಕೆ ಮಿತಿಯ ಅರಿವೇ ಇಲ್ಲ. ಕ್ಲಿಪ್ ಮಾಡಿದರೆ `(1, 0.2)`. ಅಂದರೆ ಸರಿಯಾದ ಉತ್ತರ ಕೈಯಲ್ಲಿದ್ದಾಗ ಅದನ್ನು ಬಿಟ್ಟು ನಿಮ್ಮ ಮೊದಲ ದಿನದ ಉತ್ತರಕ್ಕೇ ಹೋಗಿ ನಿಂತಿತು. `f` −2.65 ರಿಂದ −2.56 ಕ್ಕೆ ಏರಿತು.

ಹೆಜ್ಜೆ ಚಿಕ್ಕದು ಮಾಡಿದರೆ? ನ್ಯೂಟನ್ ದಿಕ್ಕು `(0.6, −0.3)`. ಅದರ ಸಣ್ಣ ಭಾಗ `t` ಹೋದರೆ `(1 + 0.6t, 0.5 − 0.3t)`. ಕ್ಲಿಪ್ ಆದಮೇಲೆ `(1, 0.5 − 0.3t)`. `x = 1` ಗೆರೆಯ ಮೇಲೆ `f` ಅಂದರೆ `y² − y − 2.4`, ಅದರ ತಳ 0.5. ಹಾಗಾಗಿ `t` ಎಷ್ಟೇ ಚಿಕ್ಕದಿರಲಿ, `f` ಏರುತ್ತದೆ. ಲೈನ್ ಸರ್ಚ್ ಹಾಕಿದರೆ ಅರ್ಧ, ಕಾಲು, ಅರೆಕಾಲು ಅಂತ ಇಳಿಸುತ್ತಾ ಹೋಗಿ ಕೊನೆಗೆ ಕೈಚೆಲ್ಲುತ್ತದೆ.

ಕಾರಣ ಇದು. ಗ್ರೇಡಿಯಂಟ್ ಹೆಜ್ಜೆಯಲ್ಲಿ `y` ಕದಲುವುದು `y` ನ ಗ್ರೇಡಿಯಂಟ್ ನೋಡಿ ಮಾತ್ರ. `x` ಅನ್ನು ಕ್ಲಿಪ್ ತಡೆದರೂ `y` ನ ಹೆಜ್ಜೆ ಅದರ ಪಾಡಿಗೆ ಸರಿಯಾದ ಕಡೆಗೇ ಇರುತ್ತದೆ. ನ್ಯೂಟನ್‌ನಲ್ಲಿ ಹಾಗಲ್ಲ. "`x` 0.6 ಏರುತ್ತದೆ, ಆದ್ದರಿಂದ ನೀನು 0.3 ಇಳಿ" ಅನ್ನುವ ಒಪ್ಪಂದ ಅದು. ಕ್ಲಿಪ್ `x` ಅನ್ನು ತಡೆದಾಗ ಒಪ್ಪಂದದ ಒಂದು ಭಾಗ ಮುರಿಯಿತು, ಇನ್ನೊಂದು ಭಾಗ ಹಾಗೇ ನಡೆಯಿತು.

ಅಕ್ಷಕ್ಕೆ ಒಂದರಂತೆ ಬೇರೆಬೇರೆ ಸ್ಟೆಪ್ ಇಡುವುದಕ್ಕೆ ಈ ತೊಂದರೆ ಇಲ್ಲ. ಪ್ರತಿ ಅಕ್ಷವೂ ತನ್ನ ಗ್ರೇಡಿಯಂಟನ್ನೇ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಪಕ್ಕದವರ ಜೊತೆ ಒಪ್ಪಂದ ಇಲ್ಲ.

ಸರಿಪಡಿಸುವ ದಾರಿಯನ್ನು ಬರ್ಟ್‌ಸೆಕಸ್ 1982 ರಲ್ಲಿ ಕೊಟ್ಟರು. ಮಿತಿಯ ಮೇಲೆ ಅಥವಾ ಅದಕ್ಕೆ ತೀರಾ ಹತ್ತಿರ ಇದ್ದು, ಗ್ರೇಡಿಯಂಟ್ ಇನ್ನೂ ಹೊರಗೇ ತಳ್ಳುತ್ತಿರುವ ದೀಪಗಳನ್ನು ಬದಿಗಿಡಿ. ಉಳಿದವಕ್ಕೆ ಮಾತ್ರ ಅವುಗಳ ಪಾಲಿನ ಹೆಸ್ಸಿಯನ್ ತೆಗೆದುಕೊಂಡು ನ್ಯೂಟನ್ ಹೆಜ್ಜೆ ಇಡಿ. ಆಮೇಲೆ ಕ್ಲಿಪ್ ಮಾಡಿ, `f` ಇಳಿಯಿತಾ ನೋಡಿ, ಇಳಿಯದಿದ್ದರೆ ಹೆಜ್ಜೆ ಕುಗ್ಗಿಸಿ. ನಮ್ಮ ಲೆಕ್ಕದಲ್ಲಿ `x = 1` ಬದಿಗೆ ಹೋಗುತ್ತದೆ, `y` ಗೆ ಮಾತ್ರ ನ್ಯೂಟನ್, ಒಂದೇ ಹೆಜ್ಜೆಯಲ್ಲಿ 0.5.

ನಿಮಗೆ ಇನ್ನೂ ಸುಲಭದ್ದು ಬೇಕಾದರೆ, ಈಗಿನ ಲೂಪನ್ನೇ ಓಡಿಸಿ. ಯಾವ ದೀಪಗಳು ಮಿತಿಯಲ್ಲಿ ಕೂತಿವೆ ಅನ್ನುವ ಪಟ್ಟಿ ಎಷ್ಟೋ ಸುತ್ತು ಬದಲಾಗದೇ ಇದ್ದಾಗ, ಅವನ್ನು ಹಾಗೇ ಹಿಡಿದು ಉಳಿದವಕ್ಕೆ ಒಮ್ಮೆ `lstsq` ಮಾಡಿ. ಬಂದ ಉತ್ತರ ಮಿತಿಯೊಳಗಿದ್ದು `r` ಸೊನ್ನೆ ಇದ್ದರೆ ಮುಗಿಯಿತು. ಇಲ್ಲದಿದ್ದರೆ ಪಟ್ಟಿ ಇನ್ನೂ ಸರಿಯಾಗಿಲ್ಲ, ಲೂಪ್ ಮುಂದುವರಿಸಿ. ಮಿತಿಯಲ್ಲಿ ಕೂತೂ ಗ್ರೇಡಿಯಂಟ್ ಸೊನ್ನೆಗೆ ಹತ್ತಿರ ಇರುವ ದೀಪ ಇದ್ದರೆ ಪಟ್ಟಿ ಬೇಗ ಗಟ್ಟಿಯಾಗುವುದಿಲ್ಲ. ಅದು ಒಮ್ಮೆ ಒಳಗೆ, ಒಮ್ಮೆ ಮಿತಿಯಲ್ಲಿ ಅಂತ ಬಹಳ ಹೊತ್ತು ಓಡಾಡುತ್ತದೆ.

ನರಜಾಲ

ಈಗ ಪ್ರಶ್ನೆ ಅರ್ಥ ಆಯಿತು, ಮೇಲೆ ನಾನು ಹೇಳಿದ್ದು ಬೇರೆ ವಿಷಯ. ನಿಧಾನ ಅನ್ನುವುದಕ್ಕೆ ಮೊಮೆಂಟಮ್ ಹಾಕಬಹುದಲ್ಲ? `v = 0.9 * v - step * g`, ಆಮೇಲೆ `x = clip(x + v)`.

ತಿರುವುಮುರುವು

ಹಾಕಬಹುದು, ಆದರೆ `v` ಮೇಲೆ ಕಣ್ಣಿಡಿ. ಒಂದು ದೀಪ 1 ರಲ್ಲಿ ಕೂತಿದೆ, ಗ್ರೇಡಿಯಂಟ್ ಹೊರಗೇ ತಳ್ಳುತ್ತಿದೆ. `x` ಕದಲುವುದಿಲ್ಲ, ಆದರೆ `v` ಬೆಳೆಯುತ್ತಲೇ ಇರುತ್ತದೆ, ಒಂದು ಹೆಜ್ಜೆಯ ಹತ್ತರಷ್ಟು ಆಗುವ ತನಕ. ಆಮೇಲೆ ಗ್ರೇಡಿಯಂಟ್ ಅಷ್ಟೇ ಬಲದಿಂದ ಒಳಗೆ ತಿರುಗಿದರೂ ಆ `v` ಕರಗಿ ಚಿಹ್ನೆ ಬದಲಿಸಲು ಸುಮಾರು 7 ಸ್ಟೆಪ್ ಬೇಕು. ಅಲ್ಲಿಯ ತನಕ ದೀಪ ಸುಮ್ನೆ ಮಿತಿಗೆ ಅಂಟಿಕೊಂಡಿರುತ್ತದೆ.

ನಾನು ಮಾಡುವುದು, ಕ್ಲಿಪ್ ಆದಮೇಲೆ `v = x_new - x_old` ಅಂತ ಇಡುವುದು. ಕದಲದಿದ್ದವರ `v` ತಾನಾಗಿ ಸೊನ್ನೆ. ಬೆಕ್ ಮತ್ತು ಟೆಬೂಲ್ ಅವರ 2009 ರ FISTA ದಲ್ಲಿ ವೇಗ ಬರುವುದೇ ಕ್ಲಿಪ್ ಆದ ಎರಡು ಬಿಂದುಗಳ ವ್ಯತ್ಯಾಸದಿಂದ, ಹಾಗಾಗಿ ಅಲ್ಲಿ ಈ ತೊಂದರೆ ಹುಟ್ಟುವುದಿಲ್ಲ.

ನರಜಾಲ

ಪೂರ್ತಿ ಗ್ರೇಡಿಯಂಟ್ ಇದ್ದಾಗ ಒಪ್ಪುತ್ತೇನೆ. ನನ್ನ ಕೆಲಸದಲ್ಲಿ ಪ್ರತಿ ಸ್ಟೆಪ್‌ಗೂ ಡೇಟಾದ ಒಂದು ಚೂರು ಮಾತ್ರ ಬರುತ್ತದೆ, ಗ್ರೇಡಿಯಂಟ್‌ನಲ್ಲಿ ಗದ್ದಲ ಜಾಸ್ತಿ. ಅಲ್ಲಿ ಮಿತಿಯಲ್ಲಿ ಕೂತವರ `v` ಯನ್ನು ಅಳಿಸಿದರೆ, ಒಂದು ಕೆಟ್ಟ ಚೂರು ಬಂದ ತಕ್ಷಣ ಅವು ಮಿತಿ ಬಿಟ್ಟು ಒಳಗೆ ಜಾರುತ್ತವೆ, ಮುಂದಿನ ಚೂರಿಗೆ ವಾಪಸ್ ಬರುತ್ತವೆ. ಹಳೆಯ `v` ಉಳಿಸಿಕೊಂಡರೆ ಆ ನಡುಕ ಕಡಿಮೆ. ಅಂಟಿಕೊಳ್ಳುವುದು ನನಗೆ ಅನುಕೂಲವೇ.

ತಿರುವುಮುರುವು

ಇರಬಹುದು. ಆದರೆ ಅದು ಸರಿಯಾದ ದೀಪವನ್ನೂ ಹಿಡಿದಿಡುತ್ತದೆ, ತಪ್ಪಾಗಿ ಮಿತಿಗೆ ಹೋದ ದೀಪವನ್ನೂ ಹಿಡಿದಿಡುತ್ತದೆ. ಯಾವುದು ಯಾವುದು ಅಂತ `v` ಗೆ ಗೊತ್ತಿಲ್ಲ. ಗದ್ದಲ ಇದ್ದಾಗ ನಾನಾದರೆ `v` ಅಳಿಸಿ, ಸ್ಟೆಪ್ ಅನ್ನು ನಿಧಾನವಾಗಿ ಕುಗ್ಗಿಸುತ್ತೇನೆ.

ನರಜಾಲ

ಸ್ಟೆಪ್ ಕುಗ್ಗಿಸಿದರೆ ಉಳಿದ ಅಕ್ಷಗಳೂ ನಿಧಾನ ಆಗುತ್ತವೆ. ನನಗೆ ಅದು ಒಪ್ಪಿಗೆ ಆಗುತ್ತಿಲ್ಲ. ಆಡಮ್ ಬಳಸುವಾಗಲಂತೂ ಎರಡು ಲೆಕ್ಕ ಇಟ್ಟುಕೊಂಡಿರುತ್ತದೆ, ಯಾವುದನ್ನು ಅಳಿಸುವುದು, ಯಾವುದನ್ನು ಬಿಡುವುದು?

ಸರಳರೇಖೆ

ಆಡಮ್‌ನ ಎರಡನೇ ಲೆಕ್ಕ ಅಕ್ಷಕ್ಕೆ ತಕ್ಕ ಹಾಗೆ ಸ್ಟೆಪ್ ಹೊಂದಿಸುವುದು. ಅದನ್ನು ಬಿಡಿ, ಕ್ಲಿಪ್‌ಗೆ ಅದರಿಂದ ತೊಂದರೆ ಇಲ್ಲ. ಮೊದಲನೇ ಲೆಕ್ಕದ ಬಗ್ಗೆ ನಿಮ್ಮಿಬ್ಬರಲ್ಲಿ ಯಾರ ಮಾತು ಸರಿ ಅನ್ನುವುದು ಗದ್ದಲ ಎಷ್ಟು, ಗ್ರೇಡಿಯಂಟ್ ಎಷ್ಟು ಸಲ ತಿರುಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಎರಡೂ ಓಡಿಸಿ, ಪೂರ್ತಿ ಡೇಟಾ ಮೇಲೆ `r` ಲೆಕ್ಕ ಹಾಕಿ ಹೋಲಿಸಿ. ಚೂರಿನ ಮೇಲೆ ಲೆಕ್ಕ ಹಾಕಿದ `r` ನಂಬಬೇಡಿ, ಅದು ಸೊನ್ನೆಗೆ ಬರುವುದೇ ಇಲ್ಲ.

ದೀಪಸಾಲು

ಪಟ್ಟಿ ಹಿಡಿದು `lstsq` ಮಾಡುವ ಉಪಾಯ ಓಡಿಸಿದೆ ಸರ್. ಮೊದಲ ಸಲ ಒಂದು ದೀಪ 1.02 ಬಂತು, ಹಾಗಾಗಿ ಲೂಪ್ ಮುಂದುವರಿಸಿದೆ. ಆ ದೀಪವೂ ಮಿತಿಗೆ ಹೋಗಿ ಕೂತಿತು. ಮತ್ತೆ `lstsq` ಮಾಡಿದಾಗ ಎಲ್ಲವೂ ಒಳಗೇ ಬಂದವು, `r` `1e-12` ಗಿಂತ ಕೆಳಗೆ. `lsq_linear` ಕೊಟ್ಟ ಉತ್ತರವನ್ನೂ ಅದೇ `r` ಗೆ ಹಾಕಿದೆ, ಎರಡೂ ಒಂದೇ.

ಈಗ ಒಟ್ಟು ಬೆಳಕು ಇಷ್ಟನ್ನು ಮೀರಬಾರದು ಅಂತ ಇನ್ನೊಂದು ಷರತ್ತು ಸೇರಿಸಿ ಅನ್ನುತ್ತಿದ್ದಾರೆ. ಕ್ಲಿಪ್ ಮಾಡಿ, ಆಮೇಲೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿದರೆ ಆಗುತ್ತದಾ?

ಸರಳರೇಖೆ

ಆಗುವುದಿಲ್ಲ. ಹಾಗೆ ತಗ್ಗಿಸಿದ್ದು ಅತಿ ಹತ್ತಿರದ ಬಿಂದು ಅಲ್ಲ. ಮೊದಲು ಬರೀ ಕ್ಲಿಪ್ ಮಾಡಿ ನೋಡಿ, ಮೊತ್ತ ಮೀರದಿದ್ದರೆ ಅದೇ ಉತ್ತರ. ಮೀರಿದರೆ, ಕ್ಲಿಪ್ ಮಾಡುವ ಮುಂಚಿನ ಎಲ್ಲ ಬೆಲೆಗಳಿಂದಲೂ ಒಂದೇ ಸಂಖ್ಯೆ `λ` ಕಳೆದು ಆಮೇಲೆ ಕ್ಲಿಪ್ ಮಾಡಿ. ಕ್ಲಿಪ್ ಆದವುಗಳ ಮೊತ್ತ ಸರಿಯಾಗಿ ನಿಮ್ಮ ಮಿತಿಗೆ ಬರುವ `λ` ಹುಡುಕಬೇಕು. `λ` ಏರಿದಂತೆ ಮೊತ್ತ ಇಳಿಯುತ್ತಲೇ ಹೋಗುತ್ತದೆ, ಆದ್ದರಿಂದ ಅಂತರವನ್ನು ಅರ್ಧರ್ಧ ಮಾಡುತ್ತಾ ಹುಡುಕಿದರೆ ಸಿಗುತ್ತದೆ. `r` ಲೆಕ್ಕ ಹಾಕುವ ಸಾಲಿನಲ್ಲೂ `np.clip` ಬದಲು ಇದನ್ನೇ ಹಾಕಿ.